ಪ್ರೊಡಕ್ಷನ್ ಬಿದ್ದ ದಿನದ ಕಥೆ: ಇಂಟರ್‌ವ್ಯೂನಲ್ಲಿ ಸ್ಟಾರ್ ಉತ್ತರ ಕಟ್ಟುವುದು ಹೇಗೆ

ಪುಣೆಯ ಹಿಂಜವಡಿಯಲ್ಲಾಗಲಿ ಖರಾಡಿಯಲ್ಲಾಗಲಿ, ಸಪೋರ್ಟ್, ಬ್ಯಾಕೆಂಡ್ ಅಥವಾ ಡೆವ್‌ಆಪ್ಸ್ ಕೆಲಸದ ಇಂಟರ್‌ವ್ಯೂಗೆ ಕೂತರೆ ಈ ಪ್ರಶ್ನೆ ಬಹುತೇಕ ಬಂದೇ ಬರುತ್ತದೆ: ಪ್ರೊಡಕ್ಷನ್ ಔಟೇಜ್ ಒಂದನ್ನು ಸರಿಮಾಡಲು ನೀವು ಸಹಾಯ ಮಾಡಿದ ಸಂದರ್ಭ ಹೇಳಿ. ಉತ್ತರವನ್ನು ಸಿಚುಯೇಷನ್, ಟಾಸ್ಕ್, ಆಕ್ಷನ್, ರಿಸಲ್ಟ್ ಎಂಬ ನಾಲ್ಕು ಭಾಗದಲ್ಲಿ ಹೇಳಬೇಕು, ಅದೇ ಸ್ಟಾರ್, ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹತ್ತರಲ್ಲಿ ಎಂಟು ಜನ ಸಿಚುಯೇಷನ್‌ನಲ್ಲೇ ಒಂದೂವರೆ ನಿಮಿಷ ಕಳೆದು, ಆಕ್ಷನ್‌ಗೆ ಬರುವಾಗ "ಆಮೇಲೆ ಟೀಮ್ ಎಲ್ಲ ಸೇರಿ ಫಿಕ್ಸ್ ಮಾಡಿದ್ವಿ" ಎಂದು ಮುಗಿಸುತ್ತಾರೆ. ಇದು ಇಂಟರ್‌ವ್ಯೂ ತೆಗೆದುಕೊಳ್ಳುವ ಕಡೆ ಕೂತು ನಾನು ಕಂಡದ್ದು.

ವಾಕಡ್‌ನ ಪಿಜಿಯಲ್ಲಿದ್ದ ವಿಜಯಪುರದ ಹುಡುಗಿಯೊಬ್ಬಳಿಗೆ ಅಭ್ಯಾಸ ಮಾಡಿಸುವಾಗ ಮೊದಲ ಸಲವೇ ಹೀಗಾಯಿತು.

"ಎಲ್ಲಾರೂ ಕೂಡಿ ಸರಿ ಮಾಡಿದ್ವಿ ಅಣ್ಣಾ."

"ಸರಿ ಬಿಡು. ನೀ ಏನ್ ಮಾಡ್ದಿ?"

"ನಾ... ಲಾಗ್ ನೋಡ್ತಿದ್ದೆ ರೀ."

"ಲಾಗ್‌ನಾಗ ಏನ್ ಕಂಡೀ? ಕಂಡ ಮ್ಯಾಲ ಏನ್ ಮಾಡ್ದಿ?"

ಆಗ ಶುರುವಾಯಿತು ನಿಜವಾದ ಉತ್ತರ. ಅವಳು ಮಾಡಿದ್ದು ಸಣ್ಣ ಕೆಲಸವೇನಲ್ಲ. ಹೇಳಬೇಕು ಅನ್ನಿಸಿರಲಿಲ್ಲ, ಅಷ್ಟೇ. ಈ ಬರಹದಲ್ಲಿ ಒಂದೇ ಒಂದು ಔಟೇಜ್ ಹಿಡಿದು ಉತ್ತರವನ್ನು ಹಂತ ಹಂತವಾಗಿ ಕಟ್ಟೋಣ. ಕಥೆ ಮಾದರಿಗಾಗಿ ಕಟ್ಟಿದ್ದು, ಅಂಕಿಗಳೂ ಹಾಗೆಯೇ. ಆದರೆ ಇಂಥ ಔಟೇಜ್ ನಿಜಕ್ಕೂ ತುಂಬಾ ಸಾಮಾನ್ಯ.

## ಮೊದಲು ಘಟನೆ ಆರಿಸಿ

ದೊಡ್ಡ ಔಟೇಜ್ ಬೇಕು ಅಂತೇನಿಲ್ಲ. ಇಡೀ ಡೇಟಾ ಸೆಂಟರ್ ಬಿದ್ದ ರಾತ್ರಿ ನೀವು ಬರೀ ಕಾಲ್‌ನಲ್ಲಿ ಕೂತು ಕೇಳುತ್ತಿದ್ದಿರಾದರೆ ಆ ಕಥೆ ನಿಮ್ಮದಲ್ಲ. ನಲವತ್ತು ನಿಮಿಷದ ಸಣ್ಣ ಔಟೇಜ್ ಸಾಕು, ಅದರಲ್ಲಿ ಎರಡು ವಿಷಯ ಇರಬೇಕು. ಒಂದು, ನೀವು ಕಂಡುಹಿಡಿದ ಅಥವಾ ಮಾಡಿದ ಏನಾದರೊಂದು ದಿಕ್ಕು ಬದಲಿಸಿರಬೇಕು. ಎರಡು, ಎರಡು ದಾರಿ ಎದುರಿಗಿದ್ದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ ಕ್ಷಣ ಇರಬೇಕು. ಎರಡನೆಯದು ಇಲ್ಲದ ಕಥೆಗೆ ಇಂಟರ್‌ವ್ಯೂನಲ್ಲಿ ಬೆಲೆ ಕಡಿಮೆ, ಏಕೆಂದರೆ ಅಲ್ಲಿ ಅಳೆಯುವುದೇ ನಿಮ್ಮ ನಿರ್ಧಾರವನ್ನು.

ಆರಿಸಿದ ಮೇಲೆ ಬರೆಯಲು ಕೂರಬೇಡಿ, ಮೊದಲು ದಾಖಲೆ ನೋಡಿ. ಟಿಕೆಟ್, ಆ ದಿನದ ಚಾಟ್, ಪೋಸ್ಟ್‌ಮಾರ್ಟಮ್ ಇವುಗಳಲ್ಲಿ ಸಮಯ ಇರುತ್ತದೆ. ನೆನಪಿನಲ್ಲಿ ಐದು ನಿಮಿಷ ಅನ್ನಿಸಿದ್ದು ಚಾಟ್‌ನಲ್ಲಿ ಹದಿನೆಂಟು ನಿಮಿಷ ಆಗಿರುತ್ತದೆ. ಸ್ಕ್ರೀನ್‌ಶಾಟ್ ಹೊರಗೆ ತರಬೇಡಿ, ಗ್ರಾಹಕರ ಹೆಸರು ಬರೆದುಕೊಳ್ಳಬೇಡಿ. ಸಮಯ, ಕಂಡ ಲಕ್ಷಣ, ಮಾಡಿದ ಕೆಲಸ, ಯಾರು ಮಾಡಿದರು ಎಂಬ ನಾಲ್ಕು ಅಂಕಣ ಸಾಕು. ಕೊನೆಯ ಅಂಕಣವೇ ಮುಖ್ಯ.

## ನಮ್ಮ ಮಾದರಿ ಔಟೇಜ್

ಔಷಧಿ ಅಂಗಡಿಗಳು ವಿತರಕರಿಗೆ ಆರ್ಡರ್ ಹಾಕುವ ಆ್ಯಪ್. ಹಿಂದೆ ಸ್ಪ್ರಿಂಗ್ ಬೂಟ್‌ನಲ್ಲಿ ಬರೆದ ಆರ್ಡರ್ ಸರ್ವಿಸ್, ಅದರ ನಾಲ್ಕು ಇನ್‌ಸ್ಟನ್ಸ್, ಕೆಳಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಸೋಮವಾರ ಬೆಳಿಗ್ಗೆ ಆರ್ಡರ್ ಜಾಸ್ತಿ. 10:40ಕ್ಕೆ ಅಲರ್ಟ್ ಬಂತು: ಆರ್ಡರ್ ಹಾಕಿದರೆ ಅರ್ಧ ನಿಮಿಷ ತಿರುಗಿ ಎರರ್ ಬರುತ್ತಿದೆ. ಲಾಗ್‌ನಲ್ಲಿ ಇದೇ ಸಾಲು ಮತ್ತೆ ಮತ್ತೆ:

```
HikariPool-1 - Connection is not available,
request timed out after 30000ms.
```

ಇದನ್ನು ನೋಡಿದ ಕೂಡಲೇ ಎಲ್ಲರೂ ಡೇಟಾಬೇಸ್ ಬಿದ್ದಿದೆ ಅಂದುಕೊಳ್ಳುತ್ತಾರೆ. ಆದರೆ ಸಾಲು ಹೇಳುವುದು ಬೇರೆ. ಹಿಕಾರಿ ಅನ್ನುವುದು ಆ್ಯಪ್ ಒಳಗಿನ ಕನೆಕ್ಷನ್ ಪೂಲ್. ಏನೂ ಬದಲಿಸದಿದ್ದರೆ ಅದರಲ್ಲಿ ಗರಿಷ್ಠ 10 ಕನೆಕ್ಷನ್ ಇರುತ್ತವೆ. ಹತ್ತೂ ಬಳಕೆಯಲ್ಲಿದ್ದರೆ ಹೊಸ ರಿಕ್ವೆಸ್ಟ್ 30 ಸೆಕೆಂಡ್ ಕಾದು ಈ ಎರರ್ ಕೊಡುತ್ತದೆ. ಅಂದರೆ ಡೇಟಾಬೇಸ್ ಚೆನ್ನಾಗಿಯೇ ಇದ್ದು, ಕನೆಕ್ಷನ್‌ಗಳನ್ನು ಯಾರೋ ಹಿಡಿದುಕೊಂಡು ಕೂತಿದ್ದರೂ ಇದೇ ಸಾಲು ಬರುತ್ತದೆ.

ಪ್ರೈಮರಿ ಆನ್-ಕಾಲ್ ಇದ್ದ ಸೀನಿಯರ್ 10:45ಕ್ಕೆ ನಾಲ್ಕೂ ಇನ್‌ಸ್ಟನ್ಸ್ ರೀಸ್ಟಾರ್ಟ್ ಮಾಡಿದರು. ಸರಿಯಾಯಿತು. 10:51ಕ್ಕೆ ಮತ್ತೆ ಅದೇ. ಸೆಕೆಂಡರಿ ಆನ್-ಕಾಲ್ ಇದ್ದ ನಮ್ಮ ಕಥೆಯ ಹುಡುಗಿ ಡ್ಯಾಶ್‌ಬೋರ್ಡ್ ನೋಡಿದಳು. ಡೇಟಾಬೇಸ್‌ನ ಸಿಪಿಯು ಸುಮ್ನೆ ಮಲಗಿತ್ತು, ಎಂದಿನ ಸೋಮವಾರಕ್ಕಿಂತ ಕಡಿಮೆ. ಇಲ್ಲಿಂದ ಕಥೆ ಅವಳದ್ದಾಗುತ್ತದೆ.

## ಸಿಚುಯೇಷನ್: ಮೂರು ವಾಕ್ಯ

ಏನು ವ್ಯವಸ್ಥೆ, ಯಾರಿಗೆ ತೊಂದರೆ, ಎಷ್ಟು ಹೊತ್ತಿನಿಂದ. ಇಷ್ಟೇ.

"ಔಷಧಿ ಅಂಗಡಿಗಳು ವಿತರಕರಿಗೆ ಆರ್ಡರ್ ಹಾಕುವ ವ್ಯವಸ್ಥೆಯ ಸಪೋರ್ಟ್‌ನಲ್ಲಿದ್ದೆ. ಸೋಮವಾರ ಬೆಳಿಗ್ಗೆ, ಆರ್ಡರ್ ಹೆಚ್ಚು ಬರುವ ಹೊತ್ತಿನಲ್ಲಿ, ಹೆಚ್ಚಿನ ಆರ್ಡರ್‌ಗಳು 30 ಸೆಕೆಂಡ್ ಕಾದು ಫೇಲ್ ಆಗತೊಡಗಿದವು. ಒಮ್ಮೆ ರೀಸ್ಟಾರ್ಟ್ ಮಾಡಿದ್ದರಿಂದ ಐದಾರು ನಿಮಿಷ ಸರಿಹೋಗಿ ಮತ್ತೆ ಅದೇ ಸ್ಥಿತಿಗೆ ಬಂತು."

ಕಂಪನಿಯ ಇತಿಹಾಸ, ಮೈಕ್ರೋಸರ್ವಿಸ್‌ಗಳ ಪಟ್ಟಿ, ಪ್ರಾಜೆಕ್ಟ್ ಹೇಗೆ ಶುರುವಾಯಿತು, ಇವೆಲ್ಲ ಬೇಡ. ಬೇಕಿದ್ದರೆ ಅವರೇ ಕೇಳುತ್ತಾರೆ. ಮೂರನೇ ವಾಕ್ಯ ಮಾತ್ರ ಬಿಡಬೇಡಿ. ಸುಲಭದ ಉಪಾಯ ಫಲಿಸಲಿಲ್ಲ ಅನ್ನುವುದು ಅದರಲ್ಲಿದೆ, ಕೇಳುವವರ ಕಿವಿ ಅಲ್ಲಿ ನೆಟ್ಟಗಾಗುತ್ತದೆ.

## ಟಾಸ್ಕ್: ನಿಮ್ಮ ಪಾಲು ಯಾವುದು

ಎಲ್ಲಕ್ಕಿಂತ ಚಿಕ್ಕ ಭಾಗ, ಜಾಸ್ತಿ ಜನ ತಪ್ಪುವ ಭಾಗವೂ ಇದೇ. "ಔಟೇಜ್ ಸರಿಮಾಡುವುದು ನನ್ನ ಟಾಸ್ಕ್" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಅದು ಆ ಕಾಲ್‌ನಲ್ಲಿದ್ದ ಎಲ್ಲರ ಕೆಲಸ. ಕಾಲ್ ಯಾರು ನಡೆಸುತ್ತಿದ್ದರು, ನಿಮಗೆ ಯಾವ ಅಧಿಕಾರ ಇತ್ತು, ಯಾವುದು ಇರಲಿಲ್ಲ ಎಂದು ಹೇಳಿ.

"ನಾನು ಸೆಕೆಂಡರಿ ಆನ್-ಕಾಲ್. ಕಾಲ್ ನಡೆಸುತ್ತಿದ್ದವರು ನಮ್ಮ ಸೀನಿಯರ್. ಅವರು ರೀಸ್ಟಾರ್ಟ್ ನೋಡಿಕೊಳ್ಳುತ್ತಿದ್ದಾಗ, ಮತ್ತೆ ಯಾಕೆ ಬೀಳುತ್ತಿದೆ ಅನ್ನುವುದನ್ನು ಹುಡುಕುವುದು ನನ್ನ ಪಾಲಿಗೆ ಬಂತು. ಪ್ರೊಡಕ್ಷನ್‌ನಲ್ಲಿ ನನಗೆ ಓದುವ ಅನುಮತಿ ಮಾತ್ರ ಇತ್ತು. ಏನೇ ಬದಲಿಸಬೇಕಿದ್ದರೂ ಅವರ ಒಪ್ಪಿಗೆ ಬೇಕು."

ಕೊನೆಯ ಎರಡು ವಾಕ್ಯ ಹೇಳಲು ಜನ ಹಿಂಜರಿಯುತ್ತಾರೆ, ಸಣ್ಣವರಾಗಿಬಿಡುತ್ತೇವೆ ಅಂತ. ಅದು ಉಲ್ಟಾ. ಪ್ರೊಡಕ್ಷನ್ ಡೇಟಾಬೇಸ್‌ನಲ್ಲಿ ಕೈಗೆ ಬಂದದ್ದು ಓಡಿಸಿದೆ ಅನ್ನುವವರನ್ನು ಯಾರೂ ಕೆಲಸಕ್ಕೆ ತೆಗೆದುಕೊಳ್ಳಲು ಧೈರ್ಯ ಮಾಡುವುದಿಲ್ಲ.

## ಆಕ್ಷನ್: ಅರ್ಧಕ್ಕಿಂತ ಹೆಚ್ಚು ಸಮಯ ಇಲ್ಲಿ

ಎರಡು ನಿಮಿಷದ ಉತ್ತರದಲ್ಲಿ ಒಂದೂಕಾಲು ನಿಮಿಷ ಇದಕ್ಕೇ ಇರಲಿ. ಪ್ರತಿ ಹೆಜ್ಜೆಗೂ ಮೂರು ತುಂಡು ಬೇಕು: ಏನು ಕಂಡೆ, ಅದರಿಂದ ಏನು ಅಂದುಕೊಂಡೆ, ಅದಕ್ಕೆ ಏನು ಮಾಡಿದೆ. ಜನ ಮಧ್ಯದ ತುಂಡನ್ನು ನುಂಗಿಬಿಡುತ್ತಾರೆ. ಹಾಗಾದಾಗ ಉತ್ತರ ಕಮಾಂಡ್‌ಗಳ ಪಟ್ಟಿಯಾಗುತ್ತದೆ.

ನಮ್ಮ ಕಥೆಯಲ್ಲಿ ಹೆಜ್ಜೆಗಳು ಹೀಗಿವೆ. ಸಿಪಿಯು ಕಡಿಮೆ ಇರುವುದನ್ನು ಕಂಡಳು. ಡೇಟಾಬೇಸ್ ನಿಧಾನವಾಗಿದ್ದರೆ ಅದು ಏನಾದರೂ ಕೆಲಸ ಮಾಡುತ್ತಿರಬೇಕಲ್ಲವಾ? ಇದು ಸುಮ್ಮನಿದೆ. ಹಾಗಾದರೆ ಕನೆಕ್ಷನ್ ಹಿಡಿದವರು ಕ್ವೆರಿ ಓಡಿಸುತ್ತಿಲ್ಲ, ಬರೀ ಹಿಡಿದುಕೊಂಡಿದ್ದಾರೆ. ಅದನ್ನು ನೋಡಲು ಈ ಕ್ವೆರಿ:

```sql
SELECT pid, now() - xact_start AS age, query
FROM pg_stat_activity
WHERE state = 'idle in transaction'
ORDER BY age DESC;
```

ನಾಲ್ಕು ಇನ್‌ಸ್ಟನ್ಸ್, ತಲಾ ಹತ್ತು, ಒಟ್ಟು 40 ಕನೆಕ್ಷನ್. ಅದರಲ್ಲಿ 38 ಈ ಪಟ್ಟಿಯಲ್ಲಿದ್ದವು. ಕೆಲವು ನಾಲ್ಕು ನಿಮಿಷದಿಂದ ಹಾಗೇ ಇದ್ದವು. `idle in transaction` ಅಂದರೆ ಟ್ರಾನ್ಸಾಕ್ಷನ್ ತೆರೆದಿದೆ, ಆದರೆ ಡೇಟಾಬೇಸ್ ಆ್ಯಪ್‌ನ ಮುಂದಿನ ಮಾತಿಗೆ ಕಾಯುತ್ತಿದೆ. `query` ಕಾಲಂನಲ್ಲಿ ಕಾಣುವುದು ಕೊನೆಗೆ ಓಡಿದ ಕ್ವೆರಿ. ಎಲ್ಲದರಲ್ಲೂ ಆರ್ಡರ್ ಸೇರಿಸುವ `INSERT`. ಅಂದರೆ ಆರ್ಡರ್ ಬರೆದಾಗಿದೆ, ಆಮೇಲೆ ಕಮಿಟ್ ಆಗುವ ಮುಂಚೆ ಆ್ಯಪ್ ಎಲ್ಲೋ ಸಿಕ್ಕಿಕೊಂಡಿದೆ. ಅಂದಹಾಗೆ ಬೇರೆಯವರ ಕ್ವೆರಿ ಕಾಣಬೇಕಾದರೆ `pg_monitor` ತರಹದ ರೋಲ್ ಬೇಕು. "ನಿಮಗೆ ಹೇಗೆ ಕಾಣಿಸಿತು?" ಎಂದು ಕೇಳುವವರೂ ಇದ್ದಾರೆ.

ಈಗ ಬಂತು ಕವಲು. ಸೀನಿಯರ್ ಎರಡನೇ ಸಲ ರೀಸ್ಟಾರ್ಟ್ ಮಾಡಲು ಹೊರಟಿದ್ದರು. ಮಾಡಿದರೆ ಅಂಗಡಿಯವರಿಗೆ ಐದು ನಿಮಿಷ ಉಸಿರಾಡಲು ಸಿಗುತ್ತದೆ, ಆದರೆ ಸಾಕ್ಷ್ಯ ಅಳಿಸಿಹೋಗುತ್ತದೆ. ಅವಳು ಕಾಲ್‌ನಲ್ಲಿ ಕೇಳಿದ್ದು ಇಷ್ಟು: ಮೂರು ಇನ್‌ಸ್ಟನ್ಸ್ ಈಗಲೇ ರೀಸ್ಟಾರ್ಟ್ ಮಾಡಿ, ಒಂದನ್ನು ಲೋಡ್ ಬ್ಯಾಲೆನ್ಸರ್‌ನಿಂದ ತೆಗೆದು ಹಾಗೇ ಬಿಡಿ, ಅದರ ಥ್ರೆಡ್ ಡಂಪ್ ತೆಗೆದುಕೊಡಿ. ಸೀನಿಯರ್ ಆ ಇನ್‌ಸ್ಟನ್ಸ್‌ನಲ್ಲಿ ಓಡಿಸಿದ್ದು:

```
jcmd <pid> Thread.print > dump.txt
```

ಡಂಪ್ ಓದಿದವಳು ಇವಳೇ. ಆರ್ಡರ್ ಥ್ರೆಡ್‌ಗಳೆಲ್ಲ ಎಸ್ಎಂಎಸ್ ಕಳಿಸುವ ಕ್ಲಾಸ್‌ನಲ್ಲಿ, ಸಾಕೆಟ್‌ನಿಂದ ಉತ್ತರ ಓದಲು ಕಾಯುತ್ತಿದ್ದವು. ಆರ್ಡರ್ ಸೇವ್ ಮಾಡುವ ಅದೇ ಟ್ರಾನ್ಸಾಕ್ಷನ್ ಒಳಗೆ ಎಸ್ಎಂಎಸ್ ಕಂಪನಿಗೆ ಕರೆ ಹೋಗುತ್ತಿತ್ತು, ಆ ಕರೆಗೆ ಟೈಮ್‌ಔಟ್ ಇಟ್ಟಿರಲಿಲ್ಲ. ಸ್ಪ್ರಿಂಗ್‌ನ `RestTemplate` ಅನ್ನು ಏನೂ ಹೇಳದೆ ಬಳಸಿದರೆ ಸಾಮಾನ್ಯವಾಗಿ ಉತ್ತರಕ್ಕೆ ಮಿತಿಯಿಲ್ಲದೆ ಕಾಯುತ್ತದೆ. ಅವತ್ತು ಎಸ್ಎಂಎಸ್ ಕಡೆಯವರ ಸರ್ವರ್ ಪೂರ್ತಿ ಬಿದ್ದಿರಲಿಲ್ಲ, ಕೆಲವು ಕರೆಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಪೂರ್ತಿ ಬಿದ್ದಿದ್ದರೆ ಸಾಮಾನ್ಯವಾಗಿ ಬೇಗ ಎರರ್ ಬಂದು ಗೊತ್ತಾಗುತ್ತಿತ್ತು. ರೀಸ್ಟಾರ್ಟ್ ಆದ ಮೇಲೆ ಐದು ನಿಮಿಷ ಚೆನ್ನಾಗಿ ನಡೆದದ್ದೂ ಇದಕ್ಕೇ: ಸಿಕ್ಕಿಕೊಂಡ ಕರೆಗಳು ಒಂದೊಂದಾಗಿ ಪೂಲ್ ತುಂಬಲು ಅಷ್ಟು ಹೊತ್ತು ಬೇಕಿತ್ತು.

ಪರಿಹಾರಕ್ಕೆ ಎಸ್ಎಂಎಸ್ ಆಫ್ ಮಾಡುವ ಸೆಟ್ಟಿಂಗ್ ಇತ್ತು. ಟೆಸ್ಟಿಂಗ್‌ನಲ್ಲಿ ಅಂಗಡಿಯವರಿಗೆ ಸುಳ್ಳು ಮೆಸೇಜ್ ಹೋಗಬಾರದೆಂದು ಅದನ್ನು ಆಫ್ ಇಡುತ್ತಿದ್ದರು, ಹಾಗಾಗಿ ಅವಳಿಗೆ ಗೊತ್ತಿತ್ತು. ಪ್ರೊಡಕ್ಷನ್‌ನಲ್ಲಿ ಆಫ್ ಮಾಡಬಹುದೇ ಎಂದು ಕಾಲ್‌ನಲ್ಲಿ ಕೇಳಿದಳು. ಆರ್ಡರ್ ಬರುತ್ತದೆ, ಎಸ್ಎಂಎಸ್ ಹೋಗುವುದಿಲ್ಲ, ಕಸ್ಟಮರ್ ಕೇರ್‌ಗೆ ಮೊದಲೇ ತಿಳಿಸಬೇಕು ಅಂದಳು. ಸೀನಿಯರ್ ಒಪ್ಪಿದರು. 11:15ಕ್ಕೆ ಸೆಟ್ಟಿಂಗ್ ಬದಲಿಸಿ ರೀಸ್ಟಾರ್ಟ್, 11:20ಕ್ಕೆ ಎಲ್ಲ ಮಾಮೂಲು.

ಇಷ್ಟನ್ನೂ ಇಂಟರ್‌ವ್ಯೂನಲ್ಲಿ ಹೇಳಿದರೆ ಐದು ನಿಮಿಷ ಆಗುತ್ತದೆ. ಹಿಂಡಿದರೆ ಹೀಗೆ:

"ಎರರ್ ನೋಡಿದರೆ ಡೇಟಾಬೇಸ್ ಸಮಸ್ಯೆ ಅನ್ನಿಸುತ್ತಿತ್ತು, ಆದರೆ ಅದರ ಸಿಪಿಯು ಎಂದಿಗಿಂತ ಕಡಿಮೆ ಇತ್ತು. ಕನೆಕ್ಷನ್‌ಗಳು ಕೆಲಸ ಮಾಡದೆ ಸಿಕ್ಕಿಕೊಂಡಿರಬೇಕು ಅಂದುಕೊಂಡು ನೋಡಿದೆ. 40ರಲ್ಲಿ 38 ಟ್ರಾನ್ಸಾಕ್ಷನ್ ತೆರೆದಿಟ್ಟುಕೊಂಡು ಸುಮ್ಮನಿದ್ದವು. ಅಷ್ಟರಲ್ಲಿ ಸೀನಿಯರ್ ಎಲ್ಲವನ್ನೂ ರೀಸ್ಟಾರ್ಟ್ ಮಾಡುವವರಿದ್ದರು. ಮೂರನ್ನು ಮಾಡಿ, ಒಂದನ್ನು ಟ್ರಾಫಿಕ್‌ನಿಂದ ತೆಗೆದು ಇಟ್ಟುಕೊಳ್ಳೋಣ ಎಂದು ಕೇಳಿದೆ. ಗ್ರಾಹಕರಿಗೂ ಸ್ವಲ್ಪ ಆರಾಮ, ಕಾರಣವೂ ಕೈತಪ್ಪುವುದಿಲ್ಲ. ಅವರು ತೆಗೆದುಕೊಟ್ಟ ಥ್ರೆಡ್ ಡಂಪ್‌ನಲ್ಲಿ, ಟ್ರಾನ್ಸಾಕ್ಷನ್ ಒಳಗಿದ್ದ ಎಸ್ಎಂಎಸ್ ಕರೆ ಟೈಮ್‌ಔಟ್ ಇಲ್ಲದೆ ಕಾಯುತ್ತಿರುವುದು ಕಂಡಿತು. ಎಸ್ಎಂಎಸ್ ಆಫ್ ಮಾಡಲು ಸೂಚಿಸಿದೆ, ಅದರಿಂದ ಏನು ನಿಲ್ಲುತ್ತದೆ ಎಂದೂ ಹೇಳಿದೆ. ಒಪ್ಪಿಗೆ ಸಿಕ್ಕ ಮೇಲೆ ಕಸ್ಟಮರ್ ಕೇರ್‌ಗೆ ತಿಳಿಸಿದೆ. ಸೀನಿಯರ್ ಸೆಟ್ಟಿಂಗ್ ಬದಲಿಸಿದರು."

ಇದರಲ್ಲಿ ಸೀನಿಯರ್ ಮಾಡಿದ್ದು ಸೀನಿಯರ್ ಹೆಸರಲ್ಲೇ ಇದೆ. ತನ್ನದು "ನಾನು" ಎಂದು ಹೇಳಲು ನಮ್ಮ ಕಡೆಯವರಿಗೆ ನಾಲಿಗೆ ಹೊರಳುವುದಿಲ್ಲ, ಜಂಬ ಅನ್ನಿಸುತ್ತದೆ. ಇನ್ನೊಬ್ಬರ ಕೆಲಸವನ್ನು ಅವರ ಹೆಸರಿಗೇ ಬಿಟ್ಟುಕೊಟ್ಟರೆ ನಿಮ್ಮ "ನಾನು" ಜಂಬವಾಗಿ ಕೇಳಿಸುವುದಿಲ್ಲ, ನಂಬುವ ಹಾಗೂ ಇರುತ್ತದೆ.

## ರಿಸಲ್ಟ್: ಸರಿಯಾದದ್ದು ಮಾತ್ರ ಅಲ್ಲ, ಉಳಿದ ನಷ್ಟವೂ

"ಸಮಸ್ಯೆ ಬಗೆಹರಿಯಿತು, ಮ್ಯಾನೇಜರ್ ಮೆಚ್ಚಿದರು" ಅನ್ನುವುದು ರಿಸಲ್ಟ್ ಅಲ್ಲ. ಎಷ್ಟು ಹೊತ್ತಿಗೆ ಸರಿಯಾಯಿತು, ಏನು ಕಳೆದುಹೋಯಿತು, ಮತ್ತೆ ಆಗದಂತೆ ಏನು ಬದಲಾಯಿತು. ಈ ಮೂರು ಹೇಳಿ.

ಈ ಔಟೇಜ್‌ನಲ್ಲಿ ಕಣ್ಣಿಗೆ ಬೀಳದ ಒಂದು ನಷ್ಟ ಇದೆ. ಸಿಕ್ಕಿಕೊಂಡ ಇನ್‌ಸ್ಟನ್ಸ್ ರೀಸ್ಟಾರ್ಟ್ ಆದಾಗ ಅದರ ತೆರೆದ ಟ್ರಾನ್ಸಾಕ್ಷನ್‌ಗಳನ್ನು ಪೋಸ್ಟ್‌ಗ್ರೆಸ್ ರೋಲ್‌ಬ್ಯಾಕ್ ಮಾಡುತ್ತದೆ. ಆ ಆರ್ಡರ್ ಇಲ್ಲವಾಗುತ್ತದೆ. ಆದರೆ ಕೆಲವರಿಗೆ ಎಸ್ಎಂಎಸ್ ಹೋಗಿಬಿಟ್ಟಿತ್ತು, ಹೋದ ಸುದ್ದಿ ಮಾತ್ರ ವಾಪಸ್ ಬಂದಿರಲಿಲ್ಲ. ಆರ್ಡರ್ ಬಂದಿದೆ ಅಂತ ಅಂಗಡಿಯವರ ಫೋನಿನಲ್ಲಿದೆ, ಡೇಟಾಬೇಸ್‌ನಲ್ಲಿ ಇಲ್ಲ. ಔಷಧಿ ಬರುತ್ತದೆ ಎಂದು ಕಾಯುತ್ತಿರುತ್ತಾರೆ ಪಾಪ. ಇದನ್ನು ಯೋಚಿಸಿ ಎಸ್ಎಂಎಸ್ ಕಂಪನಿಯ ರಿಪೋರ್ಟ್ ತರಿಸಿ ಆರ್ಡರ್ ಟೇಬಲ್ ಜೊತೆ ತಾಳೆ ನೋಡಿದ್ದರೆ, ಅದನ್ನು ಖಂಡಿತ ಹೇಳಿ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಅತಿ ಹೆಚ್ಚು ಅಂಕ ಇದಕ್ಕೇ.

"ಅಲರ್ಟ್ ಬಂದ 40 ನಿಮಿಷಕ್ಕೆ ಆರ್ಡರ್ ಪೂರ್ತಿ ಸರಿಯಾಯಿತು. ಎಸ್ಎಂಎಸ್ ಹೋಗಿ ಆರ್ಡರ್ ಉಳಿಯದ 23 ಅಂಗಡಿಗಳನ್ನು ಪಟ್ಟಿ ಮಾಡಿಕೊಟ್ಟೆ, ಕಸ್ಟಮರ್ ಕೇರ್‌ನವರು ಮಧ್ಯಾಹ್ನದೊಳಗೆ ಫೋನ್ ಮಾಡಿದರು. ಆ ವಾರವೇ ಎಸ್ಎಂಎಸ್ ಕರೆಗೆ ಟೈಮ್‌ಔಟ್ ಹಾಕಿದೆ, ಪೂಲ್‌ಗೆ ಕಾಯುವವರು ಹೆಚ್ಚಾದರೆ ಬರುವ ಅಲರ್ಟ್ ಸೇರಿಸಿದೆ. ಎಸ್ಎಂಎಸ್ ಅನ್ನು ಟ್ರಾನ್ಸಾಕ್ಷನ್‌ನಿಂದ ಹೊರಗೆ ತೆಗೆದು ಕಮಿಟ್ ಆದ ಮೇಲೆ ಕಳಿಸುವ ಬದಲಾವಣೆಯನ್ನು ಡೆವಲಪ್‌ಮೆಂಟ್ ಟೀಮ್ ಮಾಡಿತು."

ಆ ಅಲರ್ಟ್ ಯಾವ ಮೆಟ್ರಿಕ್ ಮೇಲೆ ಎಂದು ಕೇಳಿದರೆ `hikaricp.connections.pending`. ಹೆಸರು ನಾಲಿಗೆ ತುದಿಯಲ್ಲಿರಲಿ, ಕೇಳದೆ ಹೇಳಬೇಡಿ. ಅಂಕಿ ನೆನಪಿಲ್ಲದಿದ್ದರೆ "ಸುಮಾರು ಇಪ್ಪತ್ತು" ಅನ್ನಿ. "ಆದಾಯ ನಷ್ಟ ಶೇಕಡಾ ಇಷ್ಟು ತಪ್ಪಿಸಿದೆ" ಎಂಬಂಥ ಕಟ್ಟಿದ ಲೆಕ್ಕ ಬೇಡ. ಹೇಗೆ ಅಳೆದಿರಿ ಎಂಬ ಒಂದೇ ಪ್ರಶ್ನೆಗೆ ಅದು ಕುಸಿಯುತ್ತದೆ.

## ಆಮೇಲೆ ಬರುವ ಪ್ರಶ್ನೆಗಳು

ನಿಜವಾದ ಪರೀಕ್ಷೆ ಶುರುವಾಗುವುದು ಉತ್ತರ ಮುಗಿದ ಮೇಲೆ. ಬೇರೆಯವರ ಕಥೆ ಬಾಯಿಪಾಠ ಮಾಡಿ ಬಂದವರು ಸಿಕ್ಕಿಬೀಳುವುದೂ ಇಲ್ಲೇ. ನೀವು ಬಿಟ್ಟ ದಾರಿಗಳ ಬಗ್ಗೆಯೇ ಹೆಚ್ಚು ಕೇಳುತ್ತಾರೆ, ಆದ್ದರಿಂದ ಪ್ರತಿಯೊಂದಕ್ಕೂ ಒಂದು ಕಾರಣ ಇಟ್ಟುಕೊಳ್ಳಿ.

ರೋಲ್‌ಬ್ಯಾಕ್ ಯಾಕೆ ಮಾಡಲಿಲ್ಲ? ಎಸ್ಎಂಎಸ್ ಕರೆ ತಿಂಗಳುಗಳಿಂದ ಅದೇ ಜಾಗದಲ್ಲಿತ್ತು. ಹಳೆಯ ರಿಲೀಸ್‌ಗೆ ಹೋದರೂ ಅದೇ ಕೋಡ್ ಸಿಗುತ್ತಿತ್ತು, ಬದಲಾದದ್ದು ಹೊರಗಿನವರ ಸರ್ವರ್.

ಪೂಲ್ ದೊಡ್ಡದು ಮಾಡಬಹುದಿತ್ತಲ್ಲ? ಹತ್ತನ್ನು ಇಪ್ಪತ್ತು ಮಾಡಿದರೆ ಐದು ನಿಮಿಷದ ಬದಲು ಹತ್ತು ನಿಮಿಷಕ್ಕೆ ತುಂಬುತ್ತಿತ್ತು. ಜೊತೆಗೆ ನಾಲ್ಕು ಇನ್‌ಸ್ಟನ್ಸ್ ಸೇರಿ 80 ಆಗುತ್ತದೆ. ಪೋಸ್ಟ್‌ಗ್ರೆಸ್‌ನ `max_connections` ಬದಲಿಸದಿದ್ದರೆ 100, ಅದರಲ್ಲಿ ಬೇರೆ ಸರ್ವಿಸ್‌ಗಳೂ ಪಾಲುದಾರರು. ಒಂದು ಸರ್ವಿಸ್‌ನ ತೊಂದರೆ ಎಲ್ಲಕ್ಕೂ ಹರಡುತ್ತಿತ್ತು.

ಇನ್ನು ಅನುಭವಸ್ಥರು ಕೇಳುವ ಪ್ರಶ್ನೆ: ಸಿಕ್ಕಿಕೊಂಡ ಸೆಷನ್‌ಗಳನ್ನು `pg_terminate_backend` ಹಾಕಿ ಕೊಲ್ಲಲಿಲ್ಲ ಯಾಕೆ? ಇದಕ್ಕೆ ಅನುಮತಿ ಇರಲಿಲ್ಲ ಅಂದರೆ ಅರ್ಧ ಉತ್ತರ. ಡೇಟಾಬೇಸ್ ಕಡೆ ಸೆಷನ್ ಸತ್ತರೂ ಆ್ಯಪ್ ಕಡೆ ಥ್ರೆಡ್ ಎಸ್ಎಂಎಸ್ ಉತ್ತರಕ್ಕೇ ಕಾಯುತ್ತಿರುತ್ತದೆ. ಅದು ವಾಪಸ್ ಬರುವವರೆಗೆ ಪೂಲ್‌ನ ಆ ಜಾಗ ಖಾಲಿಯಾಗುವುದಿಲ್ಲ. ಹಾಗಾಗಿ ಆರ್ಡರ್‌ಗಳು ಫೇಲ್ ಆಗುತ್ತಲೇ ಇರುತ್ತಿದ್ದವು. `idle_in_transaction_session_timeout` ಕೂಡ ಇದೇ ಕಾರಣಕ್ಕೆ ಒಂಟಿಯಾಗಿ ಸಾಲದು. ಲಾಕ್ ಬಿಡಿಸಲು ಒಳ್ಳೆಯದು, ಪೂಲ್ ಬಿಡಿಸಲು ಟೈಮ್‌ಔಟ್ ಎಸ್ಎಂಎಸ್ ಕರೆಯಲ್ಲೇ ಬೇಕು.

ಮತ್ತೊಮ್ಮೆ ಆದರೆ ಬೇರೆ ಏನು ಮಾಡುತ್ತೀರಿ ಎಂದೂ ಕೇಳುತ್ತಾರೆ. ಇಲ್ಲಿ ನೀತಿಪಾಠ ಬೇಡ, ಒಂದು ನಿರ್ದಿಷ್ಟ ಕೆಲಸ ಹೇಳಿ: ಮೊದಲ ರೀಸ್ಟಾರ್ಟ್‌ಗೂ ಮುಂಚೆಯೇ ಒಂದು ಇನ್‌ಸ್ಟನ್ಸ್‌ನ ಡಂಪ್ ತೆಗೆಯುವ ಹೆಜ್ಜೆಯನ್ನು ರನ್‌ಬುಕ್‌ಗೆ ಸೇರಿಸಿದೆವು, ಅದಿದ್ದರೆ ಹದಿನೈದು ನಿಮಿಷ ಉಳಿಯುತ್ತಿತ್ತು.

## ಬಾಯಿಗೆ ತರುವುದು

ಇಂಟರ್‌ವ್ಯೂ ಇಂಗ್ಲಿಷಿನಲ್ಲೇ ನಡೆಯುತ್ತದೆ, ಎದುರಿಗೆ ಕೂತವರು ಮರಾಠಿಯವರೋ ತೆಲುಗಿನವರೋ ಆಗಿರುತ್ತಾರೆ. ಆದರೂ ಮೊದಲ ಸಲ ಕಥೆಯನ್ನು ಕನ್ನಡದಲ್ಲೇ ಯಾರಿಗಾದರೂ ಹೇಳಿ, ಕಂಪ್ಯೂಟರ್ ಗೊತ್ತಿಲ್ಲದ ರೂಮ್‌ಮೇಟ್ ಆದರೆ ಇನ್ನೂ ಒಳ್ಳೆಯದು. ಎಲ್ಲಿ "ಅಂದ್ರ?" ಎಂದು ತಡೆಯುತ್ತಾರೋ ಅಲ್ಲಿ ನಿಮ್ಮ ಮಧ್ಯದ ತುಂಡು, ಏನು ಅಂದುಕೊಂಡೆ ಅನ್ನುವುದು, ಬಿಟ್ಟುಹೋಗಿದೆ. ಅದನ್ನು ತುಂಬಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ, ಐದು ಗುರುತು ಮಾತ್ರ ನೆನಪಿಟ್ಟುಕೊಳ್ಳಿ: ಸಿಪಿಯು ಕಡಿಮೆ, 38 ಕನೆಕ್ಷನ್, ಒಂದು ಇನ್‌ಸ್ಟನ್ಸ್ ಬಿಟ್ಟದ್ದು, ಎಸ್ಎಂಎಸ್ ಆಫ್, 23 ಅಂಗಡಿ.

ರೆಕಾರ್ಡ್ ಕೇಳುವಾಗ ಗಡಿಯಾರ ನೋಡಿ. ಸಿಪಿಯು ಮಾತು ಬರುವಷ್ಟರಲ್ಲಿ ನಲವತ್ತು ಸೆಕೆಂಡ್ ದಾಟಿದ್ದರೆ ಮುಂದಿನದನ್ನು ಕತ್ತರಿಸಬೇಡಿ, ಸಿಚುಯೇಷನ್ ಕತ್ತರಿಸಿ. ಮಧ್ಯದಲ್ಲೇ ಅವರು ಪ್ರಶ್ನೆ ಹಾಕಿದರೆ ಅಲ್ಲೇ ನಿಂತು ಉತ್ತರ ಕೊಡಿ, ಆಮೇಲೆ ಮುಂದಿನ ಗುರುತಿನಿಂದ ಹಿಡಿಯಿರಿ. ಸ್ಟಾರ್‌ನ ನಾಲ್ಕು ಭಾಗ ಕ್ರಮ ತಪ್ಪಿತಲ್ಲ ಎಂದು ಮೊದಲಿನಿಂದ ಶುರು ಮಾಡಬೇಡಿ.